ಉದ್ಯೋಗಿ, ಸಿಬ್ಬಂದಿ, ಕಾರ್ಮಿಕ: ಕೈಪಿಡಿಯಲ್ಲಿ ಯಾವ ಪದ ಎಲ್ಲಿ?

ಹುತ್ತರಿಯ ಮುನ್ನಾದಿನ ಕಚೇರಿಯ ಬಾಗಿಲಿಗೆ ಒಂದು ಸೂಚನೆ ಅಂಟಿಸಿದ್ದರು. ‘ಹುತ್ತರಿ ಪ್ರಯುಕ್ತ ನಾಳೆ ಸಿಬ್ಬಂದಿಗೆ ಸಂಬಳ ಸಹಿತ ರಜೆ.’ ಮರುದಿನ ಬೆಳಿಗ್ಗೆ ಏಳೂವರೆಗೆ ಕಾಫಿ ಕಣದ ಹನ್ನೊಂದು ಮಂದಿ ಎಂದಿನಂತೆ ಬುತ್ತಿ ಹಿಡಿದು ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದರು. ರಜೆ ಅವರಿಗೂ ಇತ್ತು. ಆದರೆ ಹಾಗೆಂದು ಅವರಿಗೆ ಗೊತ್ತಾಗಿರಲಿಲ್ಲ. ಹನ್ನೆರಡು ವರ್ಷಗಳಿಂದ ಕಣದಲ್ಲಿ ಬೀಜ ಹರಡುವ ಒಬ್ಬಾಕೆ ಆಮೇಲೆ ನನ್ನನ್ನು ಕೇಳಿದರು: ‘ಅಕ್ಕಾ, ಸಿಬ್ಬಂದಿ ಎಂದರೆ ಆಫೀಸಿನವರಲ್ಲವೇ?’

ಸುಂಟಿಕೊಪ್ಪದ ಕಡೆಯ ಆ ಕಂಪನಿಗೆ ನಾನು ಮಾನವ ಸಂಪನ್ಮೂಲ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೆ. ಕಂಪನಿಯೆಂದರೆ ಒಂದು ಕಾಫಿ ತೋಟ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಘಟಕ ಮತ್ತು ಒಣಗಿಸುವ ಕಣ, ಒಂದು ಹೋಂಸ್ಟೇ, ಮಡಿಕೇರಿಯಲ್ಲೊಂದು ಸಣ್ಣ ಕಚೇರಿ. ಕೈಪಿಡಿಯ ಇಂಗ್ಲಿಷ್ ಕರಡನ್ನು ಬೇರೆ ಬೇರೆ ಕಡೆಯಿಂದ ಒಟ್ಟುಗೂಡಿಸಿದ್ದರು. ರಜೆಯ ಅಧ್ಯಾಯದಲ್ಲಿ ‘ತಂಡದ ಸದಸ್ಯರು’ ಇದ್ದರು, ಹೆಚ್ಚುವರಿ ಅವಧಿಯ ಕೆಲಸದ ಅಧ್ಯಾಯದಲ್ಲಿ ‘ಸಿಬ್ಬಂದಿ’, ನೋಟಿಸಿನ ಅಧ್ಯಾಯದಲ್ಲಿ ‘ಅಸೋಸಿಯೇಟ್’, ಶಿಸ್ತಿನ ಅಧ್ಯಾಯದಲ್ಲಿ ಮಾತ್ರ ‘ಕಾರ್ಮಿಕ’. ಬರೆದವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಗುಂಪು. ಓದುವವರಿಗೆ ಕಂಡದ್ದು ನಾಲ್ಕು.

ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಒಂದೇ ಪದವನ್ನು ಮತ್ತೆ ಮತ್ತೆ ಬಳಸಬೇಡಿ ಎಂದು ಕಲಿಸುತ್ತಾರೆ. ಕೈಪಿಡಿಗೆ ಈ ಪಾಠ ತಿರುಗುಮುರುಗು. ನಿಯಮಗಳ ಬರಹದಲ್ಲಿ ಪದ ಬದಲಾದರೆ ಅರ್ಥವೂ ಬದಲಾಗಿದೆ ಎಂದೇ ಓದುತ್ತಾರೆ, ವಕೀಲರೂ ಓದುತ್ತಾರೆ, ಕಣದವರೂ ಓದುತ್ತಾರೆ. ರಜೆ ಸದಸ್ಯರಿಗೆ, ಶಿಕ್ಷೆ ಕಾರ್ಮಿಕರಿಗೆ ಎಂದು ಬರೆದರೆ, ರಜೆ ಒಬ್ಬರಿಗೆ ಶಿಕ್ಷೆ ಇನ್ನೊಬ್ಬರಿಗೆ ಎಂದು ಅವರು ತಿಳಿದುಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಹಾಗಾಗಿ ಪ್ರತಿಯೊಂದು ಪದವನ್ನೂ ಎತ್ತಿಕೊಂಡು, ಅದು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂದು ನೋಡಬೇಕಾಯಿತು.

ಸಿಬ್ಬಂದಿಯಿಂದಲೇ ಶುರು ಮಾಡೋಣ. ಈ ಪದ ಪಾರಸಿ ಮೂಲದ್ದು, ಹಿಂದೆ ಕಂದಾಯ ವಸೂಲಿಯಂಥ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ ಪಡೆಗೆ ಈ ಹೆಸರಿತ್ತು. ಅಂದಿನಿಂದ ಇಂದಿನವರೆಗೂ ಅದು ಗುಂಪಿನ ಹೆಸರು. ‘ಆಸ್ಪತ್ರೆಯ ಸಿಬ್ಬಂದಿ’, ‘ಅಗ್ನಿಶಾಮಕ ಸಿಬ್ಬಂದಿ’ ಎನ್ನುವಾಗ ಕಣ್ಣ ಮುಂದೆ ಬರುವುದು ಒಂದು ದಂಡು, ಒಬ್ಬ ವ್ಯಕ್ತಿಯಲ್ಲ. ಪತ್ರಿಕೆಗಳಲ್ಲಿ ‘ಓರ್ವ ಸಿಬ್ಬಂದಿ’ ಎಂದೂ ‘ಸಿಬ್ಬಂದಿಗಳು’ ಎಂದೂ ಬರುತ್ತದೆ, ಬಳಕೆಯಲ್ಲಿ ಅದು ನಡೆದೂ ಹೋಗುತ್ತದೆ. ಆದರೆ ಹಕ್ಕುಗಳು ಒಬ್ಬೊಬ್ಬರಿಗೆ ಸಲ್ಲುವಂಥವು. ‘ಸಿಬ್ಬಂದಿಗೆ ವರ್ಷಕ್ಕೆ ಎರಡು ಜೊತೆ ಸಮವಸ್ತ್ರ’ ಎಂದು ಬರೆದರೆ ಒಬ್ಬರಿಗೆ ಎರಡೋ ಎಲ್ಲರಿಗೂ ಸೇರಿ ಎರಡೋ ಎಂಬ ಪ್ರಶ್ನೆಗೆ ವಾಕ್ಯ ಉತ್ತರ ಕೊಡುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಕೊಡಗಿನ ತೋಟಗಳ ಮಾತಿನಲ್ಲಿದೆ. ಇಲ್ಲಿ ‘ಸಿಬ್ಬಂದಿ’ ಎಂದರೆ ಮೇಜು ಕುರ್ಚಿ ಇರುವವರು, ಹೆಚ್ಚೆಂದರೆ ತೋಟದ ಹಾಜರಿ, ಲೆಕ್ಕ ಬರೆಯುವ ರೈಟರ್. ಹೊರಗಿನ ಕೆಲಸ ಮಾಡುವವರು ‘ಕೆಲಸದವರು’, ಲೆಕ್ಕಕ್ಕೆ ಬಂದಾಗ ‘ಆಳು’. ‘ಇವತ್ತು ಎಷ್ಟು ಆಳು?’ ಎಂದು ಮಾಲೀಕರು ಕೇಳಿದರೆ ರೈಟರ್ ಹಾಜರಿ ಪುಸ್ತಕವಾದ ಚೆಕ್‌ರೋಲ್ ನೋಡಿ ಹೇಳುತ್ತಾರೆ. ಆ ‘ಆಳು’ ವ್ಯಕ್ತಿಯಲ್ಲ, ಒಂದು ದಿನದ ಕೆಲಸದ ಅಳತೆ. ಬಾಗಿಲಿಗೆ ಅಂಟಿಸಿದ ಆ ಸೂಚನೆ ಈ ಗೋಡೆಯನ್ನು ದಾಟಲಾರದೆ ನಿಂತಿತು.

ಸಿಬ್ಬಂದಿಯನ್ನು ನಾನು ಪೂರ್ತಿ ತೆಗೆಯಲಿಲ್ಲ. ‘ಹೋಂಸ್ಟೇ ಸಿಬ್ಬಂದಿಯ ಸಂಖ್ಯೆ’, ‘ಸಿಬ್ಬಂದಿ ಊಟದ ಕೋಣೆ’ ಎಂಬಲ್ಲಿ ಅದು ಸರಿಯಾಗಿಯೇ ಕೂರುತ್ತದೆ. ಯಾರಿಗೋ ಏನೋ ಸಲ್ಲಬೇಕು ಎಂದು ಹೇಳುವ ವಾಕ್ಯಗಳಿಂದ ಮಾತ್ರ ಹೊರಗಿಟ್ಟೆ.

ಮುಂದಿನದು ಕಾರ್ಮಿಕ. ಉದ್ಯೋಗಿಯೂ ಸೇರಿ ಐದು ಪದಗಳಲ್ಲಿ ನಾನು ಅತಿ ಹೆಚ್ಚು ದಿನ ಕಳೆದದ್ದು ಇದರ ಜೊತೆ. ಏಕೆಂದರೆ ಕಾನೂನು ಈ ಪದದ ಸುತ್ತ ಗೆರೆ ಎಳೆದಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ‘ಉದ್ಯೋಗಿ’ ಮತ್ತು ‘ಕಾರ್ಮಿಕ’ ಎರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಕೊಡುತ್ತದೆ. ಉದ್ಯೋಗಿ ದೊಡ್ಡ ವೃತ್ತ. ಕೂಲಿಗೆ ಬೀಜ ಹರಡುವವರಿಂದ ಹಿಡಿದು ವ್ಯವಸ್ಥಾಪಕರವರೆಗೆ ಎಲ್ಲರೂ ಅದರೊಳಗೆ. ಕಾರ್ಮಿಕ ಅದರೊಳಗಿನ ಚಿಕ್ಕ ವೃತ್ತ. ಮೈಕೈ ದುಡಿಮೆ, ಕುಶಲ ಅಥವಾ ಅಕುಶಲ ಕೆಲಸ, ತಾಂತ್ರಿಕ ಕೆಲಸ, ಯಂತ್ರ ನಡೆಸುವುದು, ಗುಮಾಸ್ತಿಕೆ, ಮೇಲ್ವಿಚಾರಣೆ ಇವುಗಳನ್ನು ಮಾಡುವವರು ಅಲ್ಲಿ ಬರುತ್ತಾರೆ. ಮುಖ್ಯವಾಗಿ ಆಡಳಿತ ಅಥವಾ ವ್ಯವಸ್ಥಾಪನೆಯ ಕೆಲಸ ಮಾಡುವವರು ಬರುವುದಿಲ್ಲ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರೂ ಬರುವುದಿಲ್ಲ.

ಈ 18,000ದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಅಷ್ಟಕ್ಕಿಂತ ಹೆಚ್ಚು ಸಂಬಳ ಇರುವವರು ಯಾರೂ ಕಾರ್ಮಿಕರಲ್ಲ ಎಂದು ಅನೇಕ ಕಚೇರಿಗಳು ನಂಬಿವೆ, ನಮ್ಮ ಕರಡಿನಲ್ಲೂ ಹಾಗೆಯೇ ಬರೆದಿತ್ತು. ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸಕ್ಕೆ ಮಾತ್ರ. ಪಲ್ಪರ್ ಯಂತ್ರ ನಡೆಸುವ ಮೆಕ್ಯಾನಿಕ್‌ಗೆ 30,000 ಸಂಬಳ ಕೊಟ್ಟರೂ ಅವರು ಕಾರ್ಮಿಕರೇ. ಮಡಿಕೇರಿ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರೂ ಕಾನೂನಿನ ಕಣ್ಣಿಗೆ ಕಾರ್ಮಿಕರೇ, ಇದನ್ನು ಕೇಳಿ ಅವರಿಗೇ ಅಚ್ಚರಿಯಾಯಿತು.

ಈಗ ನಮ್ಮ ತೋಟದ ರೈಟರನ್ನು ನೋಡಿ. ಸಂಬಳ 24,000. ನೇಮಕಾತಿ ಪತ್ರದಲ್ಲಿ ಅವರ ಹುದ್ದೆ ‘ಫೀಲ್ಡ್ ಅಸೋಸಿಯೇಟ್’. ಕಂಪನಿಯವರ ಪ್ರಕಾರ ಅವರು ಮೇಲ್ವಿಚಾರಕರು, ಆದ್ದರಿಂದ ಕಾರ್ಮಿಕರಲ್ಲ. ನಾನು ಒಂದು ದಿನ ಅವರ ಹಿಂದೆಯೇ ಓಡಾಡಿದೆ. ಬೆಳಿಗ್ಗೆ ಅರ್ಧ ಗಂಟೆ ಹಾಜರಿ ತೆಗೆದು ಯಾರು ಯಾವ ಸಾಲಿಗೆ ಎಂದು ಕಳುಹಿಸಿದರು. ಆಮೇಲೆ ಗೊಬ್ಬರದ ದಾಸ್ತಾನು ಬರೆದರು, ಜೀಪಿಗೆ ಡೀಸೆಲ್ ತಂದರು, ಮಧ್ಯಾಹ್ನದ ನಂತರ ತಕ್ಕಡಿಯ ಬಳಿ ನಿಂತು ಒಬ್ಬೊಬ್ಬರ ಚೀಲ ತೂಗಿ ಕಿಲೋ ಬರೆದರು, ಸಂಜೆ ಚೆಕ್‌ರೋಲ್ ತುಂಬಿದರು. ರಜೆ ಮಂಜೂರು ಮಾಡುವ, ಕೆಲಸಕ್ಕೆ ಸೇರಿಸುವ, ಎಚ್ಚರಿಕೆ ಪತ್ರ ಕೊಡುವ ಅಧಿಕಾರ ಅವರಿಗಿಲ್ಲ. ದಿನದ ಹೆಚ್ಚಿನ ಪಾಲು ತೂಕ ಮತ್ತು ಬರವಣಿಗೆ, ಅಂದರೆ ಗುಮಾಸ್ತಿಕೆ. ಇಂಥ ವಿವಾದ ನ್ಯಾಯಾಲಯಕ್ಕೆ ಹೋದಾಗ ಅಲ್ಲಿ ಹುದ್ದೆಯ ಹೆಸರನ್ನು ನೋಡುವುದಿಲ್ಲ, ವ್ಯಕ್ತಿ ಮುಖ್ಯವಾಗಿ ಯಾವ ಕೆಲಸ ಮಾಡುತ್ತಾರೆ ಎಂದು ನೋಡುತ್ತಾರೆ. ಅಸೋಸಿಯೇಟ್ ಎಂದು ಕರೆದ ಮಾತ್ರಕ್ಕೆ ರೈಟರ್ ಕಾರ್ಮಿಕರಲ್ಲದೆ ಹೋಗುವುದಿಲ್ಲ.

ಅವರು ಕಾರ್ಮಿಕರು ಎಂದಾದರೆ ಏನು ಬದಲಾಗುತ್ತದೆ? ನಿಗದಿತ ಹೊತ್ತಿಗಿಂತ ಹೆಚ್ಚು ದುಡಿದರೆ ವೇತನ ದುಪ್ಪಟ್ಟು ದರದಲ್ಲಿ ಸಲ್ಲಬೇಕು. ಒಂದು ವರ್ಷಕ್ಕಿಂತ ಕಡಿಮೆಯಿಲ್ಲದ ನಿರಂತರ ಸೇವೆ ಇದ್ದು, ಕೆಲಸ ಕಡಿಮೆಯಾಯಿತೆಂದು ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ. ಹೀಗಿರುವಾಗ ಕೈಪಿಡಿಯಲ್ಲಿ ‘ಅಸೋಸಿಯೇಟ್‌ಗಳಿಗೆ ಹೆಚ್ಚುವರಿ ಅವಧಿಯ ವೇತನ ಇಲ್ಲ’ ಎಂದು ಬರೆದದ್ದು ಕಂಪನಿಗೂ ಒಳ್ಳೆಯದಲ್ಲ. ಬಾಕಿ ಬೆಳೆಯುತ್ತಾ ಹೋಗುತ್ತದೆ, ಅದು ಗೊತ್ತಾಗುವುದು ಜಗಳದ ದಿನ.

ರಜೆಯ ಲೆಕ್ಕವನ್ನೂ ಒಮ್ಮೆ ಕೂಡಿ ಕಳೆದು ನೋಡೋಣ. ಕಾರ್ಖಾನೆ ಕಾಯ್ದೆ 1948ರ ಪ್ರಕಾರ ವರ್ಷದಲ್ಲಿ 240 ದಿನ ದುಡಿದವರಿಗೆ ಮಾತ್ರ ಸಂಬಳ ಸಹಿತ ವಾರ್ಷಿಕ ರಜೆಯ ಹಕ್ಕು ಇತ್ತು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯಲ್ಲಿ ಅದು 180ಕ್ಕೆ ಇಳಿದಿದೆ, ಮತ್ತು ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ರಜೆ. ನನ್ನನ್ನು ಪ್ರಶ್ನೆ ಕೇಳಿದಾಕೆ ಹೋದ ವರ್ಷ 220 ದಿನ ದುಡಿದಿದ್ದರು. ಮಳೆಗಾಲದಲ್ಲಿ ಕಣ ಖಾಲಿ, ಹಾಗಾಗಿ 240 ಮುಟ್ಟುವುದು ಅವರಿಗೆ ಕಷ್ಟ. ಕಾರ್ಖಾನೆ ಕಾಯ್ದೆಯ ಲೆಕ್ಕದಲ್ಲಿ ರಜೆ ಸೊನ್ನೆ, ಹೊಸ ಲೆಕ್ಕದಲ್ಲಿ 11 ದಿನ. ಈ ಹಕ್ಕನ್ನು ಸಂಹಿತೆ ಕೊಟ್ಟಿರುವುದು ‘ಕಾರ್ಮಿಕ’ರಿಗೆ. ಕೈಪಿಡಿಯ ರಜೆ ಅಧ್ಯಾಯದಲ್ಲಿದ್ದದ್ದು ‘ತಂಡದ ಸದಸ್ಯ’. ಹಕ್ಕು ಕಾನೂನಿನಲ್ಲಿದ್ದರೂ ಆಕೆ ಅದನ್ನು ಕೇಳಲು ಪುಟ ತೆರೆದಾಗ ತನ್ನ ಹೆಸರು ಅಲ್ಲಿ ಕಾಣುತ್ತಿರಲಿಲ್ಲ. ಕೈಪಿಡಿಯ ಪದ ಕಾನೂನನ್ನು ಅಳಿಸಲಾರದು, ಆದರೆ ಜನರ ಕಣ್ಣಿನಿಂದ ಮರೆಮಾಡಬಲ್ಲದು.

ವ್ಯಾಖ್ಯೆಯಲ್ಲಿನ ಒಂದು ಪದ ಎಷ್ಟು ತೂಗುತ್ತದೆ ಎಂಬುದಕ್ಕೆ ಶಿಕ್ಷಕರ ಗ್ರಾಚ್ಯುಟಿಯ ಕಥೆ ನೆನಪಾಗುತ್ತದೆ. 1972ರ ಗ್ರಾಚ್ಯುಟಿ ಕಾಯ್ದೆ ಹಕ್ಕನ್ನು ‘ಉದ್ಯೋಗಿ’ಗೆ ಕೊಟ್ಟಿತ್ತು. ಆದರೆ ಉದ್ಯೋಗಿ ಎಂದರೆ ಕುಶಲ, ಅರೆಕುಶಲ, ಅಕುಶಲ, ದೈಹಿಕ, ಮೇಲ್ವಿಚಾರಣೆ, ತಾಂತ್ರಿಕ ಅಥವಾ ಗುಮಾಸ್ತ ಕೆಲಸ ಮಾಡುವವರು ಎಂದು ಪಟ್ಟಿ ಹಾಕಿತ್ತು. ಪಾಠ ಹೇಳುವುದು ಈ ಪಟ್ಟಿಯ ಯಾವ ಮಾತಿನೊಳಗೂ ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ತೀರ್ಪು ಕೊಟ್ಟಿತು. ಮೂವತ್ತು ವರ್ಷ ಪಾಠ ಮಾಡಿದವರೂ ಆ ಕಾಯ್ದೆಯ ಮಟ್ಟಿಗೆ ಉದ್ಯೋಗಿಗಳಲ್ಲ ಎಂದಾಯಿತು. ಕೊನೆಗೆ 2009ರಲ್ಲಿ ಸಂಸತ್ತು ವ್ಯಾಖ್ಯೆಯನ್ನೇ ತಿದ್ದಿ ‘ಯಾವುದೇ ಬಗೆಯ ಕೆಲಸ’ ಎಂದು ಸೇರಿಸಿ, ಅದು 1997ರ ಏಪ್ರಿಲ್ 3ರಿಂದಲೇ ಅನ್ವಯಿಸುತ್ತದೆ ಎಂದು ಹೇಳಬೇಕಾಯಿತು. ಇದರಿಂದ ನಾನು ಕಲಿತದ್ದು ಇಷ್ಟು: ವ್ಯಾಖ್ಯೆಯಲ್ಲಿ ಕೆಲಸಗಳ ಪಟ್ಟಿ ಹಾಕಲು ಹೊರಟರೆ ಪಟ್ಟಿಯಲ್ಲಿ ಮರೆತುಹೋದವರು ಹೊರಗುಳಿಯುತ್ತಾರೆ.

ಕಾರ್ಮಿಕ ಪದಕ್ಕೆ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ಕಾರ್ಮಿಕನು ರಜೆಗೆ ಅರ್ಜಿ ಕೊಡತಕ್ಕದ್ದು’ ಎಂದು ಬರೆದರೆ ವಾಕ್ಯ ಗಂಡಸಾಗಿಬಿಡುತ್ತದೆ. ಕಾಯ್ದೆಗಳಲ್ಲಿ ಪುಲ್ಲಿಂಗ ಸ್ತ್ರೀಲಿಂಗವನ್ನೂ ಒಳಗೊಳ್ಳುತ್ತದೆ ಎಂದು 1897ರ ಸಾಮಾನ್ಯ ಖಂಡಗಳ ಕಾಯ್ದೆ ಹೇಳುತ್ತದೆ, ಆದರೆ ಕಣದಲ್ಲಿ ದುಡಿಯುವ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಹೆಂಗಸರು, ಅವರು ಓದುವುದು ಕೈಪಿಡಿಯನ್ನು. ‘ಕಾರ್ಮಿಕರು’ ಎಂಬ ಗೌರವ ರೂಪ ಇಬ್ಬರಿಗೂ ಸಲ್ಲುತ್ತದೆ. ಒಬ್ಬೊಬ್ಬರಿಗೆ ಸಲ್ಲುವ ಹಕ್ಕಿನ ಮುಂದೆ ‘ಪ್ರತಿಯೊಬ್ಬ’ ಸೇರಿಸಿದರೆ ಸಂಖ್ಯೆಯ ಗೊಂದಲವೂ ಇರುವುದಿಲ್ಲ. ಉದ್ಯೋಗಿ ಪದಕ್ಕೆ ಈ ಕಷ್ಟವೇ ಇಲ್ಲ, ‘ಉದ್ಯೋಗಿಗೆ’ ಎಂದರೆ ಹೆಣ್ಣೂ ಆಯಿತು, ಗಂಡೂ ಆಯಿತು. ಅದಕ್ಕೆ ಇರುವ ಅಪಾಯ ಬೇರೆ. ಅವಸರದಲ್ಲಿ ಓದುವವರು ‘ಉದ್ಯೋಗಿ’, ‘ಉದ್ಯಮಿ’, ‘ಉದ್ಯೋಗದಾತ’ ಮೂರನ್ನೂ ಒಂದರ ಜಾಗದಲ್ಲಿ ಒಂದು ಓದಿಬಿಡುತ್ತಾರೆ. ನಾನು ಉದ್ಯೋಗದಾತ ಎಂಬುದನ್ನು ಕಿತ್ತುಹಾಕಿ ಎಲ್ಲ ಕಡೆ ‘ಕಂಪನಿ’ ಎಂದು ಬರೆದೆ.

ಉಳಿದವು ಅಸೋಸಿಯೇಟ್ ಮತ್ತು ತಂಡದ ಸದಸ್ಯ. ಅಮೆರಿಕದ ವಾಲ್‌ಮಾರ್ಟ್ ತನ್ನ ಕೆಲಸಗಾರರನ್ನು ಅಸೋಸಿಯೇಟ್ ಎನ್ನುತ್ತದೆ. ಸ್ಟಾರ್‌ಬಕ್ಸ್ ಪಾರ್ಟ್‌ನರ್ ಎನ್ನುತ್ತದೆ, ಮತ್ತು 1991ರಿಂದ ಅದಕ್ಕೆ ತಕ್ಕಂತೆ ಕಂಪನಿಯ ಷೇರನ್ನೂ ಕೊಡತೊಡಗಿತು. ಪದದ ಹಿಂದೆ ಷೇರು ಇದ್ದರೆ ಪದಕ್ಕೆ ಬೆಲೆ. ನಮ್ಮಲ್ಲಿ ವಕೀಲರ ಕಚೇರಿಗಳಲ್ಲೂ ಸಾಫ್ಟ್‌ವೇರ್ ಕಂಪನಿಗಳಲ್ಲೂ ಅಸೋಸಿಯೇಟ್ ಒಂದು ದರ್ಜೆಯ ಹೆಸರು, ಆದ್ದರಿಂದ ಎಲ್ಲರಿಗೂ ಅದನ್ನೇ ಇಟ್ಟರೆ ದರ್ಜೆ ಯಾವುದು, ಸಾಮಾನ್ಯ ಹೆಸರು ಯಾವುದು ಎಂದು ಗೊತ್ತಾಗುವುದಿಲ್ಲ. ಕನ್ನಡಕ್ಕೆ ತರಲು ಹೋದರೆ ಇನ್ನೂ ಕಷ್ಟ. ‘ಸಹಚರ’ ಎಂದರೆ ಪತ್ರಿಕೆಯ ಅಪರಾಧ ಪುಟದ ವಾಸನೆ ಬರುತ್ತದೆ, ಆರೋಪಿಯ ಸಹಚರನನ್ನು ಬಂಧಿಸಿದ ಸುದ್ದಿ ದಿನವೂ ಓದುತ್ತೇವೆ. ‘ಸಹೋದ್ಯೋಗಿ’ ಒಳ್ಳೆಯ ಪದವೇ, ಆದರೆ ಅದು ನನಗೂ ನಿಮಗೂ ಇರುವ ಸಂಬಂಧದ ಹೆಸರು. ಕಂಪನಿಗೆ ಯಾರೂ ಸಹೋದ್ಯೋಗಿಯಲ್ಲ.

ತಂಡದ ಸದಸ್ಯ ಎಂಬುದರ ಮೇಲೆ ಮಾಲೀಕರಿಗೆ ಬಹಳ ಪ್ರೀತಿ ಇತ್ತು. ಎಲ್ಲರೂ ಸಮಾನರು ಎಂಬ ಅವರ ಭಾವನೆಯಲ್ಲಿ ಕೃತಕತೆ ಇರಲಿಲ್ಲ, ಅದು ನನಗೆ ಗೊತ್ತು. ಆದರೆ ಕೊಡಗಿನಲ್ಲಿ ‘ತಂಡ’ ಎಂದರೆ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದ ಮೇಲೆ, ಒಂದು ಮನೆತನದವರು ಒಂದು ತಂಡವಾಗಿ ಮೈದಾನಕ್ಕೆ ಇಳಿಯುವುದನ್ನು ಇಲ್ಲಿನವರೆಲ್ಲ ನೋಡಿದ್ದಾರೆ. ಇನ್ನು ‘ಸದಸ್ಯ’ ಎಂದರೆ ಸಹಕಾರ ಸಂಘ. ಸಂಘದ ಸದಸ್ಯರಿಗೆ ಷೇರು ಇದೆ, ಮಹಾಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಹಕ್ಕಿದೆ, ಒಂದು ಮತ ಇದೆ. ಕಂಪನಿಯ ‘ಸದಸ್ಯ’ರಿಗೆ ಇವುಗಳಲ್ಲಿ ಯಾವುದೂ ಇಲ್ಲ. ಪದ ಕೊಡುವ ಭರವಸೆಯನ್ನು ಕಂಪನಿ ನಡೆಸಿಕೊಡಲಾರದು. ಮಾಲೀಕರ ಮುನ್ನುಡಿಯ ಪತ್ರದಲ್ಲಿ ‘ನಮ್ಮ ತಂಡ’ ಎಂದು ಅವರು ಬರೆದದ್ದನ್ನು ಹಾಗೇ ಉಳಿಸಿದೆವು, ಅಲ್ಲಿ ಅದು ಅವರ ಮನಸ್ಸಿನ ಮಾತು. ಒಂದನೇ ಅಧ್ಯಾಯದಿಂದ ಮುಂದೆ ಆ ಪದ ಬರುವುದಿಲ್ಲ.

ಕೊನೆಗೆ ಮೂರನೇ ಪುಟದಲ್ಲಿ ನಿಂತದ್ದು ಹೀಗೆ. ‘ಈ ಕೈಪಿಡಿಯಲ್ಲಿ ಉದ್ಯೋಗಿ ಎಂದರೆ ತೋಟ, ಘಟಕ, ಕಣ, ಹೋಂಸ್ಟೇ ಅಥವಾ ಕಚೇರಿಯಲ್ಲಿ ಯಾವುದೇ ಬಗೆಯ ಕೆಲಸಕ್ಕೆ ಕಂಪನಿಯು ನೇಮಿಸಿಕೊಂಡ ಪ್ರತಿಯೊಬ್ಬರೂ. ವೇತನ ದಿನಕ್ಕಿರಲಿ, ವಾರಕ್ಕಿರಲಿ, ತಿಂಗಳಿಗಿರಲಿ. ಕಾರ್ಮಿಕರು ಎಂದರೆ ಉದ್ಯೋಗಿಗಳಲ್ಲಿ ಕಾನೂನು ಕಾರ್ಮಿಕರೆಂದು ಗುರುತಿಸುವವರು. ಹುದ್ದೆಯ ಹೆಸರಿನಿಂದ ಇದು ಬದಲಾಗುವುದಿಲ್ಲ.’ ಎಲ್ಲರಿಗೂ ಅನ್ವಯಿಸುವ ಮಾತಿಗೆ ಉದ್ಯೋಗಿ, ಕಾನೂನು ಕಾರ್ಮಿಕರಿಗೆ ಮಾತ್ರ ಕೊಟ್ಟ ಹಕ್ಕಿನ ಜಾಗದಲ್ಲಿ ಕಾರ್ಮಿಕರು. ಮುಗಿದ ಕರಡಿನಲ್ಲಿ ನಾನು ಮಾಡಿದ ಪರೀಕ್ಷೆ ಸುಲಭದ್ದು. ಪ್ರತಿ ವಾಕ್ಯದಲ್ಲೂ ಆ ಪದದ ಜಾಗದಲ್ಲಿ ಕಣದಾಕೆಯನ್ನು, ರೈಟರನ್ನು, ಹೋಂಸ್ಟೇ ಅಡುಗೆಯವರನ್ನು, ವ್ಯವಸ್ಥಾಪಕರನ್ನು ಒಬ್ಬೊಬ್ಬರಾಗಿ ಇಟ್ಟು ಓದಿದೆ. ಯಾರನ್ನು ಇಟ್ಟಾಗ ವಾಕ್ಯ ಸುಳ್ಳಾಗುತ್ತದೋ ಅಲ್ಲಿ ಪದ ತಪ್ಪಿದೆ ಎಂದರ್ಥ. ನೋಟಿಸಿನ ಅಧ್ಯಾಯದಲ್ಲಿ ಅದು ಸಿಕ್ಕಿಬಿತ್ತು. ಕೆಲಸ ಬಿಡುವ ಮೊದಲು 60 ದಿನದ ನೋಟಿಸ್ ಎಂಬುದು ವ್ಯವಸ್ಥಾಪಕರಿಗೆ ಸರಿ, ವಾರದ ಕೂಲಿಯವರಿಗೆ ಅದು ಹೊರೆ. ಅಲ್ಲಿ ಉದ್ಯೋಗಿ ಎಂಬ ಪದವನ್ನು ತೆಗೆದು ಹುದ್ದೆಗಳನ್ನೇ ಹೆಸರಿಸಿದೆವು.

ಒಂದು ಅಧ್ಯಾಯಕ್ಕೆ ಮಾತ್ರ ಈ ವ್ಯಾಖ್ಯೆ ಸಾಲಲಿಲ್ಲ. ಕೊಯ್ಲಿನ ಹೊತ್ತಿಗೆ ಮೇಸ್ತ್ರಿಯ ಮೂಲಕ ಬರುವವರು ಕಂಪನಿಯ ಉದ್ಯೋಗಿಗಳಲ್ಲ, ಗುತ್ತಿಗೆ ಕಾರ್ಮಿಕರು. ಆದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಉದ್ಯೋಗಿ ಪದವನ್ನು ಎಲ್ಲಕ್ಕಿಂತ ಅಗಲವಾಗಿ ಹಿಡಿದಿದೆ. ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆದಾರರ ಮೂಲಕ ಬಂದವರು, ತರಬೇತಿಯವರು, ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರು, ಎಲ್ಲರೂ ಅದರಲ್ಲಿ ಉದ್ಯೋಗಿಗಳೇ, ಅವರು ಬಂದದ್ದು ಮುಖ್ಯ ಮಾಲೀಕರಿಗೆ ಗೊತ್ತಿರದಿದ್ದರೂ ಸರಿ. ಮೂರನೇ ಪುಟದ ವ್ಯಾಖ್ಯೆಯನ್ನು ಈ ಅಧ್ಯಾಯಕ್ಕೂ ಹಾಗೆಯೇ ಎಳೆದಿದ್ದರೆ, ಜನವರಿಯಲ್ಲಿ ರೊಬಸ್ಟಾ ಕೊಯ್ಯಲು ಬಂದ ಹುಡುಗಿಯೊಬ್ಬಳು ದೂರು ಕೊಡಲು ಬಂದಾಗ ‘ನೀವು ನಮ್ಮವರಲ್ಲ’ ಎಂದು ಹೇಳಲು ಕಚೇರಿಗೆ ಒಂದು ನೆಪ ಸಿಕ್ಕಿಬಿಡುತ್ತಿತ್ತು. ಆ ಅಧ್ಯಾಯದ ಮೊದಲ ಸಾಲಿನಲ್ಲೇ ಅದರದ್ದೇ ವ್ಯಾಖ್ಯೆ ಬರೆದೆವು, ಮೇಸ್ತ್ರಿಯ ಮೂಲಕ ಬಂದವರು ಎಂಬ ಮಾತನ್ನು ಅದೇ ಪದಗಳಲ್ಲಿ ಸೇರಿಸಿ. ಅದರ ಒಂದು ಪ್ರತಿಯನ್ನು ಕೆಲಸದವರು ಉಳಿಯುವ ಲೈನ್ ಮನೆಗಳ ಗೋಡೆಗೂ ಅಂಟಿಸುವುದೆಂದು ತೀರ್ಮಾನವಾಯಿತು.

ಕೈಲ್ ಮುಹೂರ್ತದ ಹಬ್ಬಕ್ಕೆ ಹಾಕಬೇಕಾದ ರಜೆಯ ಸೂಚನೆಯನ್ನು ಈಗಲೇ ಬರೆದಿಟ್ಟಿದ್ದೇವೆ. ‘ಕಂಪನಿಯ ಪ್ರತಿಯೊಬ್ಬ ಉದ್ಯೋಗಿಗೂ ನಾಳೆ ಸಂಬಳ ಸಹಿತ ರಜೆ. ತೋಟ, ಘಟಕ ಮತ್ತು ಕಣದಲ್ಲಿ ಕೆಲಸ ಇರುವುದಿಲ್ಲ.’ ಎರಡನೇ ವಾಕ್ಯ ಸೇರಿಸಲು ಹೇಳಿದವರು ಕಣದ ಆ ಹೆಂಗಸು.